ಕಾಂಕ್ರೀಟಿನೊಳಗೆ ಮುಚ್ಚಿಹೋಗುವ 45 ಮಿಲಿಮೀಟರ್

767.25.

ನಮ್ಮ ಸಿವಿಲ್ ಎಂಜಿನಿಯರುಗಳ ಸಂಘಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಮುಂದೆ ಕಾರವಾರದಲ್ಲಿ ಮಾತಾಡಬೇಕಾಗಿ ಬಂದಾಗ ಬೋರ್ಡಿನ ಮೇಲೆ ಮೊದಲು ಬರೆದದ್ದು ಈ ಸಂಖ್ಯೆಯನ್ನು. "ಯಾರೂ ನೋಡದಾಗಲೂ ಪ್ರಾಮಾಣಿಕರಾಗಿರುವುದು" ಎಂಬ ವಿಷಯ ಕೊಟ್ಟಿದ್ದರು. ಇಂಥ ವಿಷಯದ ಮೇಲೆ ಒಂದು ತಾಸು ಒಳ್ಳೆಯ ಮಾತು ಹೇಳುವುದು ಕಷ್ಟವಲ್ಲ. ಆದರೆ ಮರುದಿನ ಬೆಳಿಗ್ಗೆ ಸೈಟಿಗೆ ಹೋಗಿ ನಿಂತವನಿಗೆ ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ನಾನು ನೋಡಿದ ಒಂದೇ ಒಂದು ರಿಜಿಸ್ಟರಿನ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದು ನಿರ್ಧರಿಸಿದ್ದೆ. ಅಲ್ಲಿ ಹೇಳಿದ್ದನ್ನೂ, ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಾರವಾರ ಮತ್ತು ಅಂಕೋಲಾ ನಡುವೆ, ಸಮುದ್ರದಿಂದ ಕೂಗಳತೆಯ ದೂರದಲ್ಲಿ, ಎರಡು ಮಹಡಿಯ ವಸತಿ ಕಟ್ಟಡವೊಂದು ಏಳುತ್ತಿತ್ತು. ಯಾರ ಕಟ್ಟಡ, ಯಾರ ಗುತ್ತಿಗೆ ಎಂಬುದು ಇಲ್ಲಿ ಬೇಡ. ಕಟ್ಟಿಸುವವರಿಗೆ ಬಿಲ್ ಪಾಸು ಮಾಡುವ ಮೊದಲು ಹೊರಗಿನವರೊಬ್ಬರು ಕಾಗದಪತ್ರ ನೋಡಲಿ ಅನಿಸಿತ್ತು, ಅದಕ್ಕೆ ನನ್ನನ್ನು ಕರೆದಿದ್ದರು. ಕಾಲಂಗಳಿಗೆ ಎಂ30 ಕಾಂಕ್ರೀಟ್ ಎಂದು ಡ್ರಾಯಿಂಗಿನಲ್ಲಿತ್ತು. ಅಂದರೆ 28 ದಿನ ಆದ ಮೇಲೆ ಪ್ರತಿ ಚದರ ಮಿಲಿಮೀಟರಿಗೆ 30 ನ್ಯೂಟನ್ ಭಾರ ತಡೆಯಬೇಕು. ಅದನ್ನು ತಿಳಿಯಲು ಕಾಂಕ್ರೀಟ್ ಹಾಕುವ ದಿನವೇ ಅದರಿಂದ 150 ಮಿಲಿಮೀಟರಿನ ಕ್ಯೂಬುಗಳನ್ನು ಅಚ್ಚು ಹಾಕಿ, ನೀರಿನಲ್ಲಿಟ್ಟು, 28ನೇ ದಿನ ಮಷಿನ್ನಿನಲ್ಲಿ ಒಡೆಯಬೇಕು. ಮೂರು ಕ್ಯೂಬು ಸೇರಿ ಒಂದು ಸ್ಯಾಂಪಲ್. ಆ ಮೂರರ ಸರಾಸರಿಯೇ ಒಂದು ಫಲಿತಾಂಶ.

ರಿಜಿಸ್ಟರ್ ಚೊಕ್ಕವಾಗಿತ್ತು. 12 ಸ್ಯಾಂಪಲ್, 36 ಕ್ಯೂಬು, ಎಲ್ಲಾ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ. ಒಂದು ಪುಟದ ಮೇಲೂ ಸಿಮೆಂಟಿನ ಕೈಗುರುತಿಲ್ಲ, ನೀರಿನ ಕಲೆಯಿಲ್ಲ. ಒಬ್ಬೊಬ್ಬರು ಇದನ್ನೇ ಒಳ್ಳೆಯ ರಿಜಿಸ್ಟರ್ ಅನ್ನುತ್ತಾರೆ. ಕ್ಯೂಬ್ ಒಡೆಯುವ ಜಾಗದಲ್ಲಿ ನಿಂತು ಬರೆದ ಪುಸ್ತಕ ಹಾಗಿರುವುದಿಲ್ಲ ಎಂಬುದು ಆ ಕೆಲಸ ಮಾಡಿದವರಿಗೆ ಗೊತ್ತು.

ಆಮೇಲೆ ಅಂಕಿಗಳನ್ನು ನೋಡಿದೆ. ಒಂದು ಕ್ಯೂಬಿನ ಬಲ 34.1, ಮುಂದಿನದ್ದು 34.3, ಅದರ ಮುಂದಿನದ್ದು 34.2. ಇನ್ನೊಂದು ದಿನದ ಕಾಂಕ್ರೀಟಿಗೆ 34.4, 34.2, 34.5. ತಿಂಗಳುಗಟ್ಟಲೆ ನಡೆದ ಕೆಲಸ. ನಡುವೆ ಮಳೆ ಬಂದು ಹೋಗಿದೆ, ಜಲ್ಲಿ ಬೇರೆ ಬೇರೆ ಕ್ವಾರಿಯಿಂದ ಬಂದಿದೆ, ಕೆಲಸದವರು ಬದಲಾಗಿದ್ದಾರೆ. ಇಷ್ಟೆಲ್ಲ ಆದರೂ 36 ಕ್ಯೂಬುಗಳು ಅರ್ಧ ನ್ಯೂಟನ್ನಿನ ಅಂತರದೊಳಗೆ ಒಡೆದಿವೆ. ಎಂ30 ಕಾಂಕ್ರೀಟಿನಲ್ಲಿ ಫಲಿತಾಂಶಗಳ ಏರಿಳಿತಕ್ಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ, ಕಾಂಕ್ರೀಟ್ ಕೆಲಸದ ನಿಯಮ ಹೇಳುವ ನಮ್ಮ ಐಎಸ್ 456 ಸಂಹಿತೆಯೇ ಮೊದಲಿಗೆ 5 ಎಂದು ಹಿಡಿಯಲು ಹೇಳುತ್ತದೆ. ಒಳ್ಳೆಯ ಸೈಟಿನಲ್ಲಿ ಅದು 3ಕ್ಕೋ 4ಕ್ಕೋ ಇಳಿಯಬಹುದು. ಇಲ್ಲಿ ಕಾಲು ಭಾಗವೂ ಇರಲಿಲ್ಲ.

ಇನ್ನೊಂದು ವಿಷಯ ಗಮನಿಸಿ ಎಂದು ಹೊಸಬರಿಗೆ ಹೇಳಿದೆ. ಆ ಅಂಕಿಗಳೆಲ್ಲ 34ರ ಮೇಲೆಯೇ ಯಾಕೆ ಅಂಟಿಕೊಂಡಿವೆ? ಸಾಲಾಗಿ ಬರುವ ನಾಲ್ಕು ಫಲಿತಾಂಶಗಳ ಸರಾಸರಿ ಎಷ್ಟಿರಬೇಕು ಎಂದು ಸಂಹಿತೆಯಲ್ಲಿ ಒಂದು ಲೆಕ್ಕವಿದೆ. ಏರಿಳಿತ 5 ಎಂದು ಹಿಡಿದರೆ 30ಕ್ಕೆ 0.825ರ ಐದು ಪಟ್ಟು ಕೂಡಿಸಿ, ಹತ್ತಿರದ ಅರ್ಧಕ್ಕೆ ಸರಿಹೊಂದಿಸಬೇಕು. ಬರುವುದು 34. ಆದರೆ ಮಿಕ್ಸ್ ಡಿಸೈನ್ ಮಾಡಿದವರು ಆ ಕಾಂಕ್ರೀಟಿಗೆ ಇಟ್ಟುಕೊಂಡ ಗುರಿ 38ರ ಮೇಲೆ. ಸರಿಯಾಗಿ ಮಾಡಿದ್ದರೆ ಫಲಿತಾಂಶಗಳು 38ರ ಸುತ್ತ ಚದುರಬೇಕಿತ್ತು, ಒಂದು 32, ಇನ್ನೊಂದು 43 ಹೀಗೆ. ಈ ರಿಜಿಸ್ಟರ್ ಬರೆದವನಿಗೆ ಕಾಂಕ್ರೀಟಿನ ಗುರಿ ತಿಳಿದಿರಲಿಲ್ಲ, ಪಾಸಾಗುವ ಗೆರೆ ಮಾತ್ರ ತಿಳಿದಿತ್ತು.

ಇಷ್ಟರಿಂದ ಅನುಮಾನ ಬರುತ್ತದೆ, ಸಾಕ್ಷಿ ಸಿಗುವುದಿಲ್ಲ. ಸಾಕ್ಷಿ ಇದ್ದದ್ದು ರಿಜಿಸ್ಟರಿನ ಪಕ್ಕದ ಖಾನೆಯಲ್ಲಿ, ಮಷಿನ್ನಿನ ರೀಡಿಂಗ್ ಬರೆಯುವ ಕಡೆ. ಕ್ಯೂಬಿನ ಒಂದು ಮುಖದ ವಿಸ್ತೀರ್ಣ 22,500 ಚದರ ಮಿಲಿಮೀಟರ್. ಕ್ಯೂಬ್ ಒಡೆದಾಗ ಡಯಲ್‌ನಲ್ಲಿ ಮುಳ್ಳು ಎಲ್ಲಿ ನಿಂತಿತೋ ಆ ಭಾರವನ್ನು ಬರೆದುಕೊಂಡು, ಅದನ್ನು ಈ ವಿಸ್ತೀರ್ಣದಿಂದ ಭಾಗಿಸಿದರೆ ಬಲ ಸಿಗುತ್ತದೆ. ಅವರು ಬಳಸಿದ್ದೇವೆ ಎಂದ ಮಷಿನ್ನಿನ ಡಯಲ್‌ನಲ್ಲಿ ಒಂದೊಂದು ಗೀಟು 10 ಕಿಲೋನ್ಯೂಟನ್. ಕಣ್ಣು ಚುರುಕಿದ್ದವರು ಎರಡು ಗೀಟಿನ ನಡುವೆ 5 ಎಂದು ಅಂದಾಜು ಮಾಡಬಹುದು, ಅದಕ್ಕಿಂತ ಕೆಳಗೆ ಯಾರೂ ಓದಲಾರರು. ರಿಜಿಸ್ಟರಿನಲ್ಲಿ ಮೊದಲ ಕ್ಯೂಬಿನ ಭಾರ 767.25 ಎಂದಿತ್ತು. ಮುಂದಿನದ್ದು 771.75. ಅದರ ಮುಂದಿನದ್ದು 769.5. ಕಾಲು ಕಿಲೋನ್ಯೂಟನ್ ತೋರಿಸುವ ಮುಳ್ಳು ಆ ಡಯಲ್‌ನಲ್ಲಿ ಇರಲೇ ಇಲ್ಲ. 34.1ನ್ನು 22.5ರಿಂದ ಗುಣಿಸಿ ನೋಡಿ, ಸರಿಯಾಗಿ 767.25 ಬರುತ್ತದೆ. ಭಾರದಿಂದ ಬಲ ಹುಟ್ಟಬೇಕಿದ್ದ ಕಡೆ, ಬಲವನ್ನು ಮೊದಲು ಬರೆದು ಭಾರವನ್ನು ಹಿಂದಿನಿಂದ ಲೆಕ್ಕ ಹಾಕಲಾಗಿತ್ತು.

ಸಭೆಯಲ್ಲಿ ಇದನ್ನು ಬಿಡಿಸಿ ತೋರಿಸುವಾಗ ಮುಂದಿನ ಸಾಲಿನ ಹುಡುಗನೊಬ್ಬ ಮೊಬೈಲಿನಲ್ಲಿ ಗುಣಿಸಿ ಪಕ್ಕದವನಿಗೆ ತೋರಿಸಿದ. ಅವರಿಗೆ ಇದೊಂದು ಪತ್ತೇದಾರಿ ಕಥೆಯಂತೆ ಕೇಳಿಸುತ್ತಿದೆ ಅನಿಸಿತು. ಸುಳ್ಳು ಹೇಗೆ ಸಿಕ್ಕಿಬೀಳುತ್ತದೆ ಎಂದು ಹೇಳುವುದು ನನ್ನ ಉದ್ದೇಶವಾಗಿರಲಿಲ್ಲ. ಸ್ವಲ್ಪ ಬುದ್ಧಿ ಓಡಿಸಿದರೆ ಸಿಕ್ಕದ ಹಾಗೆಯೂ ಬರೆಯಬಹುದು. 770 ಎಂದು ಬರೆದು, ಏರಿಳಿತ ಸೇರಿಸಿ, ಪುಟಕ್ಕೆ ಎರಡು ಹನಿ ಚಹಾ ಚೆಲ್ಲಿದರೆ ಮುಗಿಯಿತು. ನಾನು ಅವರಿಗೆ ಹೇಳಬೇಕಿದ್ದ ಮಾತು ಆ ರಿಜಿಸ್ಟರ್ ಬರೆದ ಹುಡುಗನನ್ನು ಕಂಡ ಮೇಲೆ ಶುರುವಾಗುತ್ತದೆ.

ರಿಜಿಸ್ಟರ್ ಬರೆದವನು ಡಿಪ್ಲೊಮಾ ಮುಗಿಸಿ ಬಂದ ಸೈಟ್ ಎಂಜಿನಿಯರ್. ಅದು ಅವನ ಮೊದಲ ಕೆಲಸ. ಗುತ್ತಿಗೆದಾರರು ಅವನ ಮೇಲೆ ಒಂದರ ಜೊತೆ ಇನ್ನೂ ಎರಡು ಸೈಟು ಹಾಕಿದ್ದರು. ಒಂದು ಕಡೆ ಸ್ಲ್ಯಾಬ್ ಹಾಕುವ ದಿನ ಇನ್ನೊಂದು ಕಡೆ ಕಂಬಿ ಇಳಿಸುತ್ತಿರುತ್ತಾರೆ, ಮೂರನೆಯ ಕಡೆಯಿಂದ ಮೇಸ್ತ್ರಿ ಫೋನ್ ಮಾಡುತ್ತಿರುತ್ತಾನೆ. ನಾನು ರಿಜಿಸ್ಟರ್ ಮುಂದಿಟ್ಟು ಕೇಳಿದಾಗ ಅವನು ವಾದ ಮಾಡಲಿಲ್ಲ.

"ಸರ್, ಕ್ಯೂಬು ಹಾಕಿದ್ದೆ. ಎಲ್ಲಾ ಹಾಕಿದ್ದೆ. ಒಡೆಯೋ ದಿನ ಹೋಗೂಕೆ ಆಗ್ಲಿಲ್ಲ."

"ಒಂದು ಸಲವೂ ಆಗಲಿಲ್ಲವಾ?"

"ಮೊದಲನೇ ಸಲ ನಾಲ್ಕು ದಿನ ತಡ ಆಯ್ತು. 28 ದಾಟಿ ಹೋಯ್ತಲ್ಲ, ಇನ್ನು ಹೆಂಗೆ ಬರೆಯೂದು ಅಂತ ಹೆದರಿಕೆ ಆಯ್ತು. ಅದನ್ನ ಅಂದಾಜಿಗೆ ಬರೆದೆ. ಆಮೇಲೆ ಹಂಗೇ ಆಗಿ ಹೋಯ್ತು. ಕಾಂಕ್ರೀಟ್ ಚಲೋ ಇತ್ತು ಸರ್, ನನಗೆ ಗೊತ್ತಿತ್ತು."

ಆ ಕ್ಯೂಬುಗಳನ್ನು ತೋರಿಸು ಎಂದೆ. ಸಿಮೆಂಟ್ ಶೆಡ್ಡಿನ ಹಿಂದೆ ಕರೆದುಕೊಂಡು ಹೋದ. ಮಳೆಗೆ ಹೊದಿಸಿದ್ದ ತಾಡಪತ್ರಿ ಗಾಳಿಗೆ ಹಾರದ ಹಾಗೆ ಅದರ ಅಂಚಿನುದ್ದಕ್ಕೂ ಕ್ಯೂಬುಗಳನ್ನು ಸಾಲಾಗಿ ಇಟ್ಟಿದ್ದರು. ಒಂದನ್ನು ಎತ್ತಿ ತಿರುಗಿಸಿದರೆ ಕೆಂಪು ಪೇಂಟಿನಲ್ಲಿ ದಿನಾಂಕ, ಕಾಲಂ ನಂಬರು ಇನ್ನೂ ಓದುವ ಹಾಗಿತ್ತು. ಅಂಚುಗಳು ಚೂಪಾಗಿದ್ದವು, ಮೂಲೆಯಲ್ಲಿ ಜೇನುಗೂಡಿನ ಹಾಗೆ ತೂತು ಬಿದ್ದಿರಲಿಲ್ಲ. ಮೂರು ಪದರದಲ್ಲಿ ತುಂಬಿ, ಪ್ರತಿ ಪದರವನ್ನೂ ಸಲಾಕೆಯಿಂದ ಸರಿಯಾಗಿ ಕುಟ್ಟಿದವನ ಕೈಕೆಲಸ ಅದು. ಕ್ಯೂಬು ಹಾಕುವ ಬೇಸರದ ಕೆಲಸವನ್ನು ಅವನು ಒಂದು ಸಲವೂ ತಪ್ಪಿಸಿರಲಿಲ್ಲ, ತಪ್ಪಿಸಿದ್ದು ಮಷಿನ್ನಿನ ಹತ್ತಿರ ಹೋಗುವ ಅರ್ಧ ದಿನವನ್ನು ಮಾತ್ರ.

ಕ್ಯೂಬುಗಳು ನೀರಿನಿಂದ ಹೊರಗೆ ಬಿಸಿಲು ಮಳೆಯಲ್ಲಿ ಬಿದ್ದು ತಿಂಗಳುಗಳೇ ಆಗಿದ್ದರಿಂದ ಅವನ್ನು ಒಡೆದು ಪ್ರಯೋಜನವಿರಲಿಲ್ಲ. ಕಾಲಂಗಳಿಂದಲೇ ಕೋರ್ ತೆಗೆಸಿದೆವು. ಡ್ರಿಲ್ಲಿನಿಂದ ಕೊರೆದು ತೆಗೆದ ಕಾಂಕ್ರೀಟಿನ ಉರುಟು ತುಂಡನ್ನು ಒಡೆದು, ಅದನ್ನು ಕ್ಯೂಬಿನ ಬಲಕ್ಕೆ ಹೊಂದಿಸಿ ಲೆಕ್ಕ ಹಾಕುತ್ತಾರೆ. ಕನಿಷ್ಠ ಮೂರು ಬೇಕು. ಮೂರರ ಸರಾಸರಿ ಎಂ30ರ ಶೇಕಡಾ 85, ಅಂದರೆ 25.5 ಮುಟ್ಟಬೇಕು, ಯಾವುದೊಂದೂ ಶೇಕಡಾ 75, ಅಂದರೆ 22.5ಕ್ಕಿಂತ ಕೆಳಗೆ ಹೋಗಬಾರದು. ಬಂದದ್ದು 26.8, 29.4, 28.1. ಸರಾಸರಿ 28.1. ಪಾಸು.

ಹುಡುಗ ಹೇಳಿದ್ದು ನಿಜವಾಗಿತ್ತು, ಕಾಂಕ್ರೀಟ್ ಚಲೋ ಇತ್ತು. ಅವನು ಮಷಿನ್ನಿಗೆ ಒಯ್ದು ಒಡೆದಿದ್ದರೆ ಬಹುಶಃ ಅಲ್ಲೂ ಪಾಸಾಗುತ್ತಿತ್ತು. ಯಾವ ದೋಷವನ್ನೂ ಮುಚ್ಚದ ಸುಳ್ಳು ಅದು. ಹೊಸಬರಿಗೆ ಇದನ್ನು ಒತ್ತಿ ಹೇಳಿದೆ, ಯಾಕೆಂದರೆ ನಮ್ಮ ಕೆಲಸದಲ್ಲಿ ಸುಳ್ಳು ಬರೆಯುವವರು ಎಂದರೆ ಸಿಮೆಂಟ್ ಕದಿಯುವವರು, ಲಂಚ ತಿನ್ನುವವರು ಎಂದು ಎಲ್ಲರ ತಲೆಯಲ್ಲಿದೆ. ಆ ಜಾತಿಯವರೂ ಇದ್ದಾರೆ. ಆದರೆ ಒಳ್ಳೆಯ ಮನೆಯಿಂದ ಬಂದ, ಒಂದು ರೂಪಾಯಿಯನ್ನೂ ಮುಟ್ಟದ ಹುಡುಗರ ಕೈಯಿಂದ ಹುಟ್ಟುವ ಸುಳ್ಳು ಹೀಗಿರುತ್ತದೆ. ಸಮಯ ಸಾಲಲಿಲ್ಲ, ಕಾಂಕ್ರೀಟ್ ಚೆನ್ನಾಗಿದೆ ಎಂದು ಕಣ್ಣಿಗೆ ಗೊತ್ತಿದೆ, ಖಾನೆ ಖಾಲಿ ಇದ್ದರೆ ಮೇಲಿನವರು ಬೈಯುತ್ತಾರೆ. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನಿಸುವುದೂ ಇಲ್ಲ, ಕಾಗದಪತ್ರ ಪೂರ್ತಿ ಮಾಡುತ್ತಿದ್ದೇನೆ ಅನಿಸುತ್ತದೆ.

ಕಟ್ಟಿಸುವವರು ಕೋರ್ ಪಾಸಾಯಿತಲ್ಲ ಎಂದು ನಿರಾಳರಾದರು. ನನಗೆ ಸಮಾಧಾನವಾಗಲಿಲ್ಲ. ಕ್ಯೂಬ್ ರಿಜಿಸ್ಟರ್ ಹೀಗಿದೆ ಎಂದ ಮೇಲೆ ಆ ಸೈಟಿನ ಬೇರೆ ಕಾಗದಗಳನ್ನು ನಂಬುವುದು ಹೇಗೆ? ಕಾಂಕ್ರೀಟ್ ಹಾಕುವ ಮೊದಲು ತುಂಬಬೇಕಾದ ಪೋರ್ ಕಾರ್ಡುಗಳನ್ನು ತರಿಸಿದೆ. ಅದರಲ್ಲಿ "ಕವರ್ ಪರಿಶೀಲಿಸಲಾಗಿದೆ" ಎಂಬ ಸಾಲಿನ ಮುಂದೆ ಎಲ್ಲಾ ಕಾರ್ಡಿನಲ್ಲೂ ಒಂದು ಟಿಕ್ ಇತ್ತು. ಎಷ್ಟು ಮಿಲಿಮೀಟರ್ ಎಂದು ಎಲ್ಲೂ ಇರಲಿಲ್ಲ. ಕಾರ್ಡಿನಲ್ಲಿ ಅದನ್ನು ಬರೆಯಲು ಜಾಗವನ್ನೇ ಕೊಟ್ಟಿರಲಿಲ್ಲ.

ಕವರ್ ಎಂದರೆ ಸೆಂಟ್ರಿಂಗ್ ಹಲಗೆಗೂ ಒಳಗಿನ ಕಂಬಿಗೂ ನಡುವೆ ಬಿಡುವ ಜಾಗ. ಕಾಂಕ್ರೀಟ್ ತುಂಬಿದ ಮೇಲೆ ಆ ಜಾಗವೇ ಕಂಬಿಯನ್ನು ಕಾಯುವ ಹೊದಿಕೆಯಾಗುತ್ತದೆ. ನಮ್ಮ ಕರಾವಳಿಯಲ್ಲಿ ತೆರೆದ ಗಾಳಿಗೆ ಮೈಯೊಡ್ಡಿದ ಕಟ್ಟಡವನ್ನು ಐಎಸ್ 456 "ಸಿವಿಯರ್" ವರ್ಗಕ್ಕೆ ಸೇರಿಸಿ 45 ಮಿಲಿಮೀಟರ್ ಕವರ್ ಕೇಳುತ್ತದೆ. ಸಮುದ್ರದ ನೀರು ಸಿಡಿಯುವ ಕಡೆ 50, ಉಬ್ಬರ ಇಳಿತ ಮುಟ್ಟುವ ಕಡೆ 75. ಶಿರಸಿಯಲ್ಲಿ ಮನೆಯೊಳಗಿನ ತೊಲೆಗೆ ಹಾಕುವ ಕವರನ್ನು ಘಟ್ಟ ಇಳಿದು ಬಂದು ಕಾರವಾರದಲ್ಲಿ ಹಾಕಿದರೆ ನಡೆಯುವುದಿಲ್ಲ. ಒಂದೇ ಜಿಲ್ಲೆ, ಒಂದೇ ಮೇಸ್ತ್ರಿ, ಆದರೆ ಗಾಳಿ ಬೇರೆ.

ಇದರ ಕಾರಣವನ್ನು ಸ್ವಲ್ಪ ನಿಧಾನವಾಗಿ ಹೇಳಿದೆ, ಪರೀಕ್ಷೆಗೆ ಓದಿ ಮರೆತವರೇ ಹೆಚ್ಚು. ಹೊಸ ಕಾಂಕ್ರೀಟಿನೊಳಗೆ ತುಂಬಾ ಕ್ಷಾರ ಇರುತ್ತದೆ. ಆ ಕ್ಷಾರದಲ್ಲಿ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದು ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ನಿಧಾನವಾಗಿ ಒಳಗೆ ಇಳಿಯುತ್ತದೆ. ಅದು ಸಾಕಷ್ಟು ಪ್ರಮಾಣದಲ್ಲಿ ಕಂಬಿ ಮುಟ್ಟಿದ ದಿನ ಪೊರೆ ಒಡೆಯುತ್ತದೆ, ತುಕ್ಕು ಶುರುವಾಗುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಅದು ಒಳಗಿನಿಂದ ನೂಕುತ್ತದೆ, ಕಂಬಿಯ ಉದ್ದಕ್ಕೇ ಬಿರುಕು ಬರುತ್ತದೆ, ಕೊನೆಗೆ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ನಮ್ಮ ಕಡೆಯ ಹಳೆಯ ಆರ್‌ಸಿಸಿ ಮನೆಗಳ ಸಜ್ಜಾದ ಕೆಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಲೆಕ್ಕ ಇದು: ಉಪ್ಪು ಕಂಬಿ ಮುಟ್ಟಲು ಬೇಕಾಗುವ ಕಾಲ ಕವರಿನ ದಪ್ಪಕ್ಕೆ ನೇರ ಪ್ರಮಾಣದಲ್ಲಿಲ್ಲ, ಸುಮಾರಾಗಿ ಅದರ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. ಕವರ್ ಅರ್ಧವಾದರೆ ಕಾಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 45 ಮಿಲಿಮೀಟರ್ ದಾಟಲು ಉಪ್ಪಿಗೆ 30 ವರ್ಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದೇ ಕಾಂಕ್ರೀಟಿನಲ್ಲಿ 20 ಮಿಲಿಮೀಟರ್ ದಾಟಲು ಸುಮಾರು 6 ವರ್ಷ ಸಾಕು. ಕಾಂಕ್ರೀಟಿನ ರಂಧ್ರ, ಬಿಸಿ, ತೇವ ಎಲ್ಲಾ ಸೇರಿ ಈ ಅಂಕಿಗಳು ಹಿಂದೆ ಮುಂದೆ ಆಗುತ್ತವೆ, ಆದರೆ ಇಳಿಜಾರಿನ ರೀತಿ ಇದೇ.

ಆ ಕಟ್ಟಡದ ಸಮುದ್ರದ ಕಡೆಯ ಕಾಲಂಗಳ ಮೇಲೆ ಕವರ್ ಮೀಟರ್ ಓಡಿಸಿದೆವು. ಗೋಡೆಯ ಮೇಲೆ ಇಟ್ಟು ಸರಿಸಿದರೆ ಒಳಗಿನ ಕಂಬಿ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಉಪಕರಣ. ಒಂದು ಕಾಲಮ್ಮಿನ ಪಶ್ಚಿಮ ಮುಖದಲ್ಲಿ 22 ಮಿಲಿಮೀಟರ್ ಬಂತು. ಅದೇ ಕಾಲಮ್ಮಿನ ಪೂರ್ವ ಮುಖದಲ್ಲಿ 68. ಎರಡೂ ಕೂಡಿಸಿದರೆ 90, ಅಂದರೆ 45 ಮತ್ತು 45. ರಿಂಗುಗಳನ್ನು ಸರಿಯಾದ ಅಳತೆಗೇ ಬಗ್ಗಿಸಿದ್ದರು, ಕಂಬಿಯ ಪಂಜರವೂ ಸರಿಯಾಗಿಯೇ ಇತ್ತು. ಹಲಗೆಗೂ ಕಂಬಿಗೂ ನಡುವಿನ ಅಂತರ ಕಾಯುವ ಕವರ್ ಬ್ಲಾಕುಗಳನ್ನು ಕೆಳಗೆ ಮಾತ್ರ ಕಟ್ಟಿ ಮೇಲೆ ಕಟ್ಟಿರಲಿಲ್ಲ, ಕಾಂಕ್ರೀಟ್ ಸುರಿಯುವಾಗ ವೈಬ್ರೇಟರ್ ತಾಗಿ ಪಂಜರ ಸಮುದ್ರದ ಕಡೆಗೆ ವಾಲಿತ್ತು. ಇನ್ನು ಕೆಲವು ಕಾಲಂಗಳಲ್ಲಿ 45ನ್ನು ಉದ್ದ ಕಂಬಿಯಿಂದ ಅಳೆದಿದ್ದರು. ಸಂಹಿತೆ ಹೇಳುವುದು ಎಲ್ಲಕ್ಕಿಂತ ಹೊರಗಿರುವ ಕಬ್ಬಿಣದಿಂದ ಅಳೆಯಬೇಕೆಂದು. ಉದ್ದ ಕಂಬಿಯ ಹೊರಗೆ 8 ಮಿಲಿಮೀಟರಿನ ರಿಂಗ್ ಇರುತ್ತದೆ, ಅಲ್ಲಿಗೆ ಉಳಿದದ್ದು 37. ತುಕ್ಕು ಮೊದಲು ಹಿಡಿಯುವುದೂ ಆ ರಿಂಗಿಗೇ.

ಮೇಸ್ತ್ರಿಯನ್ನು ಕೇಳಿದೆ. "ಎಂತದೂ ಆಗೂದಿಲ್ಲ ಸಾಹೇಬ್ರೆ, ಮೇಲೆ ಪ್ಲಾಸ್ಟರ್ ಬರ್ತದಲ" ಎಂದ. ತುಂಬಾ ಅನುಭವಸ್ಥ, ಕೆಲಸ ಬಲ್ಲವನು. ಗಾರೆಯ ಪ್ಲಾಸ್ಟರಿನೊಳಗೆ ಉಪ್ಪು ಕಾಂಕ್ರೀಟಿಗಿಂತ ಎಷ್ಟೋ ಸಲೀಸಾಗಿ ನುಗ್ಗುತ್ತದೆ, ಅದನ್ನು ಕವರಿನ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು.

ಆ ಸೈಟಿನಲ್ಲಿ ಎಲ್ಲರ ಕಣ್ಣೂ ಕ್ಯೂಬಿನ ಮೇಲಿತ್ತು. ಬಿಲ್ಲಿಗೆ ಬೇಕಾದದ್ದು ಅದು, ಆಡಿಟಿನವರು ಕೇಳುವುದೂ ಅದನ್ನೇ, ಹುಡುಗ ಹೆದರಿ ಸುಳ್ಳು ಬರೆದದ್ದೂ ಅದರ ಬಗ್ಗೆಯೇ. ಕಟ್ಟಡದ ಆಯುಷ್ಯ ಮಾತ್ರ ಯಾರೂ ಕೇಳದ, ಟೇಪ್ ಹಿಡಿದು ಒಂದು ನಿಮಿಷದಲ್ಲಿ ಅಳೆಯಬಹುದಾಗಿದ್ದ ಜಾಗದಲ್ಲಿ ಸೋರಿಹೋಗಿತ್ತು. ಕ್ಯೂಬು ಕಾಂಕ್ರೀಟಿನ ಬಲ ಹೇಳುತ್ತದೆ. ಕಂಬಿ ಎಲ್ಲಿದೆ, ಕಾಲಂಗೆ ಎಷ್ಟು ದಿನ ನೀರು ಹಾಕಿದರು, ಸ್ಯಾಂಪಲ್ ತೆಗೆದ ಮೇಲೆ ಮಿಕ್ಸರಿಗೆ ಎಷ್ಟು ಬಕೆಟ್ ನೀರು ಬಿತ್ತು ಎಂಬುದನ್ನು ಹೇಳಲಾರದು. ಒಂದು ಚೀಲ ಸಿಮೆಂಟಿಗೆ 22.5 ಲೀಟರ್ ಎಂದು ಲೆಕ್ಕವಿದ್ದ ಕಡೆ ಇನ್ನೊಂದು 5 ಲೀಟರ್ ಸುರಿದರೆ ಸಿಮೆಂಟಿನ ತೂಕಕ್ಕೆ ಹೋಲಿಸಿದ ನೀರಿನ ಪ್ರಮಾಣ 0.45ರಿಂದ 0.55ಕ್ಕೆ ಏರುತ್ತದೆ. ಮೊದಲೇ ಅಚ್ಚು ಹಾಕಿ ಎತ್ತಿಟ್ಟ ಕ್ಯೂಬಿಗೆ ಅದರ ಸುಳಿವೂ ಇರುವುದಿಲ್ಲ.

ಕಾಲಂಗಳಿಗೆ ಕಳೆದುಹೋದ ಕವರನ್ನು ಮತ್ತೆ ಕೊಡಲಾಗಲಿಲ್ಲ. ಸಮುದ್ರದ ಕಡೆಯ ಮುಖಗಳಿಗೆ ಕ್ಲೋರೈಡ್ ತಡೆಯುವ ಲೇಪನ ಹೊಡೆಸಿದರು. ಗುತ್ತಿಗೆದಾರರೇ ಖರ್ಚು ಹೊತ್ತರು. ಲೇಪನ ಉಪ್ಪಿನ ಪ್ರಯಾಣವನ್ನು ತಡಮಾಡುತ್ತದೆ, ನಿಲ್ಲಿಸುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಆಗ ಆ ಕಟ್ಟಡ ಯಾರ ಕೈಯಲ್ಲಿರುತ್ತದೋ ಅವರು ನೆನಪಿಟ್ಟು ಹೊಡೆಸಬೇಕು.

ನಮ್ಮ ಸಭೆಯಲ್ಲಿ ಕುಳಿತಿದ್ದ ಪ್ರತಿಯೊಬ್ಬರೂ ಕಾಳಿ ನದಿಯ ಹಳೆಯ ಸೇತುವೆಯ ಮೇಲೆ ಓಡಾಡಿದವರು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಅದು ಕುಸಿದಾಗ ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತ ಎತ್ತಿದರು. ನನ್ನ ಕಥೆಯ ಕಟ್ಟಡಕ್ಕೂ ಆ ಸೇತುವೆಗೂ ಸಂಬಂಧ ಕಟ್ಟಲು ಇದನ್ನು ಹೇಳುತ್ತಿಲ್ಲ. ಸದಾಶಿವಗಡದಿಂದ ಬಂದ ಹುಡುಗಿಯೊಬ್ಬಳು ದಿನಾ ಅದರ ಮೇಲೆ ಕಾಲೇಜಿಗೆ ಹೋಗಿ ಬರುತ್ತಿದ್ದೆ ಎಂದಳು. ನಾವು ಸಹಿ ಹಾಕಿದ ಕಾಂಕ್ರೀಟಿನ ಮೇಲೆ ನಡೆಯುವವರು ಪೋರ್ ಕಾರ್ಡ್ ಓದಿ ನಡೆಯುವುದಿಲ್ಲ ಎಂಬುದು ನಮ್ಮೂರಿನವರಿಗೆ ಬೇರೆ ಊರಿನವರಿಗಿಂತ ಹೆಚ್ಚು ಗೊತ್ತಿರಬೇಕು.

ಹಾಗಾದರೆ ಏನು ಮಾಡಬೇಕು? "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದು ನಾನು ಹೇಳಲಿಲ್ಲ. ಸಂಜೆ ಏಳಕ್ಕೆ, ಮಳೆ ಬರುವ ಲಕ್ಷಣವಿರುವಾಗ, ಮಿಕ್ಸರ್ ತಿರುಗುತ್ತಿರುವಾಗ ಮನಸ್ಸು ಗಟ್ಟಿಯಿರುವುದಿಲ್ಲ. ಅದಕ್ಕಿಂತ ಮೊದಲೇ ಕೆಲಸದ ಕ್ರಮವನ್ನು ಗಟ್ಟಿ ಮಾಡಿಕೊಂಡಿರಬೇಕು. ಕ್ಯೂಬ್ ಒಡೆಯುವಾಗ ಡಯಲ್ ನೋಡಿದ ಕೂಡಲೇ, ಭಾಗಾಕಾರ ಮಾಡುವ ಮೊದಲು, ಅಲ್ಲೇ ನಿಂತು ಭಾರವನ್ನು ಪೆನ್ನಿನಲ್ಲಿ ಬರೆಯಬೇಕು. ಬಲ ಎಷ್ಟು ಬಂತು ಎಂದು ತಿಳಿದ ಮೇಲೆ ಭಾರವನ್ನು ಬರೆಯುವವನಿಗೆ ಮುಳ್ಳು ಸ್ವಲ್ಪ ಮೇಲೆ ನಿಂತಂತೆ ಕಾಣುತ್ತದೆ, ಅದು ಯಾರಿಗಾದರೂ ಆಗುತ್ತದೆ. ಯಾವ ಲೋಡಿನಿಂದ ಸ್ಯಾಂಪಲ್ ತೆಗೆಯುವುದು ಎಂದು ಕಾಂಕ್ರೀಟ್ ಬರುವ ಮೊದಲೇ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು, ಬಂದದ್ದರಲ್ಲಿ ಚೆನ್ನಾಗಿ ಕಾಣುವುದನ್ನು ಆರಿಸಬಾರದು. ಕವರಿಗೆ ಟಿಕ್ ಹಾಕಬಾರದು, ಅಂಕಿ ಬರೆಯಬೇಕು. ಕಾಲಂ ಆದರೆ ನಾಲ್ಕು ಮುಖ, ಕೆಳಗೊಂದು ಮೇಲೊಂದು, ಕಾಂಕ್ರೀಟ್ ಹಾಕಿ ಮುಗಿದ ಕೂಡಲೇ ಮೇಲ್ಗಡೆ ಇನ್ನೊಂದು ಸಲ. ಆಗ ಕಾಂಕ್ರೀಟ್ ಇನ್ನೂ ಹಸಿ, ಮೇಲೆ ಚಾಚಿದ ಕಂಬಿಯನ್ನು ನೂಕಿ ಸರಿಪಡಿಸಲು ಬರುತ್ತದೆ. ಒಂದು ತಾಸು ಬಿಟ್ಟು ನೋಡಿದರೆ ಬರುವುದಿಲ್ಲ.

ಮತ್ತೆ, ಕೆಲಸ ತಪ್ಪಿಹೋದ ದಿನ. ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆ. ಆ ಹುಡುಗ ಮೊದಲ ಸ್ಯಾಂಪಲಿಗೆ ಏನು ಬರೆಯಬಹುದಿತ್ತು? "28ನೇ ದಿನ ಒಡೆಯಲಾಗಲಿಲ್ಲ, 32ನೇ ದಿನ ಒಡೆದದ್ದು" ಎಂದು ಬರೆದು, ಬಂದ ಅಂಕಿ ಬರೆದು, ಸಹಿ ಹಾಕಬಹುದಿತ್ತು. 28 ದಾಟಿದ ನಾಲ್ಕು ದಿನಕ್ಕೆ ಬಲ ತುಸು ಏರಬಹುದು, ಅದನ್ನು ಓದುವವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಜವಾದ ವಯಸ್ಸು ಬರೆದ 32 ದಿನದ ಕ್ಯೂಬು ಎಂಜಿನಿಯರಿಗೆ ಉಪಯೋಗಕ್ಕೆ ಬರುವ ಮಾಹಿತಿ. ಪೂರ್ತಿ ತಪ್ಪಿದ್ದರೆ "ಪರೀಕ್ಷೆ ಆಗಿಲ್ಲ" ಎಂದು ಬರೆದು ಖಾನೆ ಖಾಲಿ ಬಿಡಬೇಕು. ಆ ಖಾಲಿ ಖಾನೆ ನೋಡಿದವರು ಆ ಒಂದು ಕಾಲಮ್ಮಿನ ಕೋರ್ ತೆಗೆಸಿ ನೋಡಿ ಮುಗಿಸುತ್ತಾರೆ. ಸುಳ್ಳು ಅಂಕಿ ಬರೆದರೆ ಯಾವುದನ್ನು ನೋಡಬೇಕು ಎಂಬುದೇ ತಿಳಿಯದೆ ಇಡೀ ಕಟ್ಟಡವನ್ನು ಅನುಮಾನಿಸಬೇಕಾಗುತ್ತದೆ. ನಾವು ಮಾಡಬೇಕಾಗಿ ಬಂದದ್ದು ಅದೇ.

ಇಷ್ಟು ಹೇಳಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಓರಗೆಯವರ ಕಡೆ ತಿರುಗಿದೆ. ಖಾಲಿ ಖಾನೆ ತಂದು ತೋರಿಸಿದ ಹುಡುಗನನ್ನು ಎಲ್ಲರ ಮುಂದೆ ಬೈಯುವವರು ನಾವು. 27 ಬಂದ ಕ್ಯೂಬನ್ನು ತಂದರೆ "ಸರಿಯಾಗಿ ನೋಡಿ ಬಾ" ಎಂದು ವಾಪಸು ಕಳಿಸುವವರೂ ನಾವೇ. ಎಂ30ರಲ್ಲಿ ಒಂದು ಫಲಿತಾಂಶ 27 ಬರುವುದಕ್ಕೆ ಸಂಹಿತೆಯೇ ಜಾಗ ಬಿಟ್ಟಿದೆ, ಸಾಲಾಗಿ ಬಂದ ನಾಲ್ಕರ ಸರಾಸರಿ ಸರಿಯಿದ್ದರೆ ಸಾಕು. ಸಂಹಿತೆ ಬಿಟ್ಟ ಜಾಗವನ್ನು ನಾವು ಮುಚ್ಚಿದರೆ ಹುಡುಗರು ಅಲ್ಲಿ 34.1 ತುಂಬುತ್ತಾರೆ. ಅವನ ಸುಳ್ಳಿನಲ್ಲಿ ನಮ್ಮ ಪಾಲು ಎಷ್ಟು ಎಂದು ಅವರವರೇ ಲೆಕ್ಕ ಹಾಕಿಕೊಳ್ಳಲಿ ಎಂದೆ. ಒಂದಿಬ್ಬರಿಗೆ ಬೇಸರವಾಯಿತು. ಆಗಲಿ.

ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಆ ಸದಾಶಿವಗಡದ ಹುಡುಗಿಯೇ ಎದ್ದು ನಿಂತಳು. "ಸರ್, ಕವರ್ ಕಡಿಮೆ ಇದೆ ಅಂತ ನಾನು ಹೇಳಿದೆ, ಗುತ್ತಿಗೆದಾರರು ಹಾಕಿ ಅಂತಾರೆ. ಸಂಬಳ ಕೊಡುವವರು ಅವರು. ಆಗ ನಾನು ಎಂತ ಮಾಡಬೇಕು?"

ಇದಕ್ಕೆ ಸುಲಭದ ಉತ್ತರ ಇದೆ ಎಂದು ನಾನು ನಟಿಸಲಿಲ್ಲ. ಅಳೆದ ಅಂಕಿಯನ್ನು ಪೋರ್ ಕಾರ್ಡಿನಲ್ಲಿ ಬರೆ ಎಂದೆ. "ಸರಿಯಿಲ್ಲ" ಎಂದು ಬರೆಯಬೇಡ, "ಸಿ-7, ಪಶ್ಚಿಮ ಮುಖ, ಮೇಲೆ, 24 ಮಿಮೀ" ಎಂದು ಬರೆ. ಕಾಂಕ್ರೀಟ್ ಶುರುವಾಗುವ ಮೊದಲು ಅದರ ಫೋಟೊ ತೆಗೆದು, ಡಿಸೈನ್ ಮಾಡಿದ ಎಂಜಿನಿಯರಿಗೆ ಕಳಿಸು. ಜಗಳ ಬೇಡ, ಅಭಿಪ್ರಾಯವೂ ಬೇಡ, ಅಳತೆ ಕಳಿಸಿದರೆ ಸಾಕು. ಅಭಿಪ್ರಾಯಕ್ಕೆ ಎದುರು ಮಾತಾಡಬಹುದು, 24ರ ಎದುರು ಮಾತಾಡುವುದು ಕಷ್ಟ. ಅಷ್ಟಾದ ಮೇಲೂ ಹಾಕಿಸಿದರೆ, ಆ ಕಾರ್ಡಿಗೆ ಸಹಿ ಹಾಕಬೇಡ. ಕೆಲಸ ಹೋಗಬಹುದು. ಹೋದರೆ ಈ ಸಂಘದಲ್ಲಿರುವ ಯಾರ ಮನೆಗಾದರೂ ಬಂದು ಕೇಳು, ನನ್ನ ಮನೆಗೂ ಬಾ. ಸಂಘ ಎಂದು ಕಟ್ಟಿಕೊಂಡದ್ದು ವರ್ಷಕ್ಕೊಮ್ಮೆ ಊಟ ಮಾಡುವುದಕ್ಕಲ್ಲವಲ್ಲ ಎಂದು ಅಧ್ಯಕ್ಷರ ಮುಖ ನೋಡಿಯೇ ಹೇಳಿದೆ. ಅವರು ತಲೆಯಾಡಿಸಿದರು, ಮತ್ತು ಅಲ್ಲೇ ಮೈಕ್ ತೆಗೆದುಕೊಂಡು ತಮ್ಮ ಫೋನ್ ನಂಬರನ್ನು ಎಲ್ಲರಿಗೂ ಬರೆಸಿದರು.

ಕೊನೆಗೆ ಹಿಂದಿನ ಸಾಲಿನ ಹಿರಿಯರೊಬ್ಬರು, ಒಳ್ಳೆಯ ಕೆಲಸಗಾರರು, ತಮ್ಮ ಆಕ್ಷೇಪ ಹೇಳಿದರು. ಹೀಗೆ ಪ್ರತಿ ಕಾಲಮ್ಮಿನ ನಾಲ್ಕು ಮುಖ ಅಳೆಯುತ್ತಾ ಕೂತರೆ ನಮ್ಮ ಕರಾವಳಿಯ ಮಳೆಯ ನಡುವೆ ಸಿಗುವ ನಾಲ್ಕು ಒಣ ದಿನದಲ್ಲಿ ಕೆಲಸ ಮುಗಿಯುವುದು ಹೇಗೆ ಎಂದರು. ನ್ಯಾಯವಾದ ಪ್ರಶ್ನೆ. ಕಥೆಯ ಕಟ್ಟಡದಲ್ಲಿ ಒಂದು ಮಹಡಿಗೆ 24 ಕಾಲಂ ಇದ್ದವು. ಒಂದು ಕಾಲಮ್ಮಿಗೆ ಎಂಟು ಅಳತೆ. ಟೇಪ್ ಹಿಡಿಯಲು ಒಬ್ಬ, ಬರೆಯಲು ಒಬ್ಬ ಇದ್ದರೆ ಒಂದಕ್ಕೆ ಎರಡು ನಿಮಿಷ ಸಾಕು, ಏಣಿ ಸರಿಸುವುದು ಸೇರಿ ಮೂರು ಎನ್ನಿ. 24ಕ್ಕೆ ಒಂದು ತಾಸು ಹನ್ನೆರಡು ನಿಮಿಷ. ಬೋರ್ಡಿನ ಮೇಲೆ 767.25ರ ಕೆಳಗೆ ಆ ಲೆಕ್ಕವನ್ನೂ ಬರೆದೆ. ಅವರು ಸ್ವಲ್ಪ ಹೊತ್ತು ನೋಡಿ, ಸೆಂಟ್ರಿಂಗ್ ಮುಚ್ಚುವ ಮೊದಲೇ ಕೆಳಗಿನ ಅಳತೆ ಮುಗಿಸಿಕೊಂಡರೆ ಇನ್ನೂ ಕಡಿಮೆ ಆಗುತ್ತದೆ, ಅರ್ಧ ತಾಸು ಉಳಿಯುತ್ತದೆ ಎಂದರು. ಹೊಸಬರು ಅದನ್ನೂ ಬರೆದುಕೊಂಡರು.